ಎಷ್ಟು ತಪ್ಪಿದರೆ ತಪ್ಪು? ಯಾವ ದಾರಿಯಲ್ಲಿ ಬಂದರೆ ಪುರಾವೆ?

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ ಸರ್ವಿಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. 2008ರ ಸೆಪ್ಟೆಂಬರ್ 30ಕ್ಕೆ ಕಂಪನಿಯ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ ಎಂದು ಪುಸ್ತಕಗಳಲ್ಲಿದೆ, ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅದರಲ್ಲಿ ಒಪ್ಪಿಕೊಂಡಿದ್ದರು. ನೂರು ರೂಪಾಯಿ ಇದೆ ಎಂದ ಕಡೆ ಇದ್ದದ್ದು ಆರೇ ರೂಪಾಯಿ. ಈ ಅಂತರ ಒಂದು ತಿಂಗಳಲ್ಲಿ ಆದದ್ದಲ್ಲ, ಹಲವು ವರ್ಷಗಳಿಂದ ಬೆಳೆದು ಬಂದದ್ದು. ಆ ವರ್ಷಗಳಲ್ಲೆಲ್ಲ ಕಂಪನಿಯ ಲೆಕ್ಕಕ್ಕೆ ಆಡಿಟ್ ನಡೆದಿತ್ತು, ವರದಿಗೆ ಆಡಿಟರ ಸಹಿಯೂ ಬಿದ್ದಿತ್ತು.

ಬಿ.ಕಾಂ. ತರಗತಿಯಲ್ಲಿ ಆಡಿಟಿಂಗ್ ಪುಸ್ತಕವನ್ನು ಮೊದಲ ಸಲ ತೆರೆದ ವಿದ್ಯಾರ್ಥಿಗೆ ಇಲ್ಲಿ ಎರಡು ಪ್ರಶ್ನೆಗಳು ಏಳಬೇಕು. ಆಡಿಟರು ಎಷ್ಟು ದೊಡ್ಡ ತಪ್ಪನ್ನು ಹುಡುಕುತ್ತಿರುತ್ತಾರೆ? ಲೆಕ್ಕ ಸರಿಯಿದೆ ಎನ್ನಲು ಅವರು ಏನನ್ನು ನಂಬುತ್ತಾರೆ? ಮೊದಲನೆಯದಕ್ಕೆ ಉತ್ತರ ಮೆಟೀರಿಯಾಲಿಟಿ. ಎರಡನೆಯದಕ್ಕೆ ಉತ್ತರ ಆಡಿಟ್ ಪುರಾವೆ. ಪಠ್ಯಪುಸ್ತಕದಲ್ಲಿ ಇವು ಬೇರೆ ಬೇರೆ ಅಧ್ಯಾಯಗಳಲ್ಲಿ ಇರುತ್ತವೆ. ಕೆಲಸದ ಮೇಜಿನ ಮೇಲೆ ಮಾತ್ರ ಎರಡೂ ಜೊತೆಯಾಗಿಯೇ ಬರುತ್ತವೆ: ಎಷ್ಟು ಪುರಾವೆ ಬೇಕು ಎಂಬುದನ್ನು ಮೆಟೀರಿಯಾಲಿಟಿ ಹೇಳುತ್ತದೆ, ಆ ಪುರಾವೆಗೆ ಎಷ್ಟು ಬಲ ಎಂಬುದನ್ನು ಅದು ಬಂದ ದಾರಿ ಹೇಳುತ್ತದೆ. ಒಂದು ಉದಾಹರಣೆಯನ್ನು ಹಿಡಿದು ಮೊದಲಿನಿಂದ ಕೊನೆಯವರೆಗೂ ನೋಡೋಣ.

ಗೆರೆ ಎಳೆಯುವುದು

ಕರಾವಳಿಯಲ್ಲಿ ಒಂದು ಗೇರುಬೀಜದ ಕಾರ್ಖಾನೆ ಇದೆ ಎಂದು ಇಟ್ಟುಕೊಳ್ಳಿ. ಅದೊಂದು ಖಾಸಗಿ ಕಂಪನಿ. ವರ್ಷದ ಮಾರಾಟ 60 ಕೋಟಿ ರೂಪಾಯಿ, ತೆರಿಗೆಗೆ ಮುಂಚಿನ ಲಾಭ 3 ಕೋಟಿ. ಇದರ ಲೆಕ್ಕದಲ್ಲಿ ಐನೂರು ರೂಪಾಯಿಯ ಟೀ ಖರ್ಚು ಪ್ರಯಾಣದ ಖಾತೆಗೆ ಹೋಗಿದ್ದರೆ ಯಾರಿಗೂ ನಷ್ಟವಿಲ್ಲ. ಸಾಲ ಕೊಟ್ಟ ಬ್ಯಾಂಕಿನವರು ಅದನ್ನು ನೋಡಿ ಮನಸ್ಸು ಬದಲಾಯಿಸುವುದಿಲ್ಲ. ಲಾಭ 3 ಕೋಟಿ ಎಂದು ತೋರಿಸಿ ನಿಜವಾಗಿ 2 ಕೋಟಿ ಮಾತ್ರ ಇದ್ದರೆ, ಅದೇ ಬ್ಯಾಂಕಿನವರು ಸಾಲದ ಅರ್ಜಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಐನೂರು ರೂಪಾಯಿಗೂ ಒಂದು ಕೋಟಿಗೂ ನಡುವೆ ಎಲ್ಲೋ ಒಂದು ಕಡೆ, ಲೆಕ್ಕ ಓದುವವರ ತೀರ್ಮಾನವನ್ನೇ ಬದಲಿಸಬಲ್ಲ ಮೊತ್ತ ಶುರುವಾಗುತ್ತದೆ. ಆ ಗೆರೆಯೇ ಮೆಟೀರಿಯಾಲಿಟಿ.

ಭಾರತದಲ್ಲಿ ಇದನ್ನು ನಿಭಾಯಿಸುವ ಮಾನದಂಡ ಎಸ್‌ಎ 320. ತಪ್ಪು ಅಥವಾ ಬಿಟ್ಟುಹೋದ ಮಾಹಿತಿ, ಒಂದೊಂದಾಗಿಯೋ ಎಲ್ಲ ಸೇರಿಯೋ, ಹಣಕಾಸು ಪಟ್ಟಿಗಳನ್ನು ಓದುವವರ ಆರ್ಥಿಕ ನಿರ್ಧಾರದ ಮೇಲೆ ಪ್ರಭಾವ ಬೀರಬಹುದು ಎಂದು ನ್ಯಾಯವಾಗಿ ನಿರೀಕ್ಷಿಸಬಹುದಾದರೆ ಅದು ಮೆಟೀರಿಯಲ್. ‘ಎಲ್ಲ ಸೇರಿಯೋ’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಮೊತ್ತವನ್ನು ಲೆಕ್ಕಹಾಕುವಾಗ ಆಡಿಟರು ಮೊದಲು ಒಂದು ಆಧಾರವನ್ನು ಆರಿಸಿಕೊಳ್ಳುತ್ತಾರೆ. ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲಿ ಓದುಗರ ಕಣ್ಣು ಲಾಭದ ಮೇಲಿರುವುದರಿಂದ ತೆರಿಗೆಗೆ ಮುಂಚಿನ ಲಾಭವೇ ಸಾಮಾನ್ಯವಾದ ಆಧಾರ. ಧರ್ಮಾರ್ಥ ಸಂಸ್ಥೆಯಲ್ಲಿ ಲಾಭಕ್ಕೆ ಅರ್ಥವಿಲ್ಲ, ಅಲ್ಲಿ ಒಟ್ಟು ಆದಾಯ ಅಥವಾ ಒಟ್ಟು ವೆಚ್ಚವನ್ನು ಹಿಡಿಯುತ್ತಾರೆ. ತಯಾರಿಕಾ ಸಂಸ್ಥೆಗೆ ಲಾಭದ ಶೇ. 5, ಲಾಭದ ಉದ್ದೇಶವಿಲ್ಲದ ಸಂಸ್ಥೆಗೆ ಆದಾಯ ಅಥವಾ ವೆಚ್ಚದ ಶೇ. 1 ಎಂಬುದನ್ನು ಎಸ್‌ಎ 320 ಉದಾಹರಣೆಯಾಗಿ ಕೊಡುತ್ತದೆ. ಇವು ನಿಯಮಗಳಲ್ಲ. ಸಂದರ್ಭಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡುವ ವಿವೇಚನೆ ಆಡಿಟರದು. ಲಾಭ ಒಂದು ವರ್ಷ 3 ಕೋಟಿ, ಇನ್ನೊಂದು ವರ್ಷ 10 ಲಕ್ಷ ಎಂದು ಏರಿಳಿಯುವ ಸಂಸ್ಥೆಯಲ್ಲಿ ಲಾಭವನ್ನೇ ಹಿಡಿದು ಕೂತರೆ ಗೆರೆ ಅರ್ಥವಿಲ್ಲದಷ್ಟು ಕೆಳಗಿಳಿಯುತ್ತದೆ. ಅಂಥ ಕಡೆ ಮಾರಾಟದಂಥ ಸ್ಥಿರವಾದ ಆಧಾರವೇ ಮೇಲು.

ನಮ್ಮ ಕಾರ್ಖಾನೆಯ ಲಾಭ ಸ್ಥಿರವಾಗಿದೆ. 3 ಕೋಟಿಯ ಶೇ. 5 ಎಂದರೆ 15 ಲಕ್ಷ. ಇದು ಒಟ್ಟಾರೆ ಮೆಟೀರಿಯಾಲಿಟಿ.

ಗೆರೆಯ ಕೆಳಗೆ ಇನ್ನೊಂದು ಗೆರೆ

15 ಲಕ್ಷದ ಗೆರೆ ಎಳೆದ ಮೇಲೆ, 15 ಲಕ್ಷ ಮೀರಿದ ತಪ್ಪುಗಳನ್ನಷ್ಟೇ ಹುಡುಕಿದರೆ ಸಾಕೆಂದು ತೋರಬಹುದು. ಹಾಗೆ ಮಾಡಿದರೆ ಮೋಸಹೋಗುತ್ತೇವೆ. ಬಾಕಿಯಲ್ಲಿ 9 ಲಕ್ಷ, ದಾಸ್ತಾನಿನಲ್ಲಿ 8 ಲಕ್ಷ ತಪ್ಪಿದ್ದರೆ ಯಾವುದೂ ಗೆರೆ ಮುಟ್ಟುವುದಿಲ್ಲ, ಎರಡೂ ಬಲೆಯಿಂದ ನುಸುಳಿಹೋಗುತ್ತವೆ. ಕೂಡಿದರೆ 17 ಲಕ್ಷ. ಇದಲ್ಲದೆ ಆಡಿಟರ ಕಣ್ಣಿಗೆ ಬೀಳದೆ ಉಳಿದ ತಪ್ಪುಗಳೂ ಇದ್ದೇ ಇರುತ್ತವೆ.

ಅದಕ್ಕಾಗಿ ಕೆಲಸ ಮಾಡುವಾಗ ಬಳಸಲೆಂದೇ ಇನ್ನೂ ಕೆಳಗೆ ಮತ್ತೊಂದು ಗೆರೆ ಎಳೆಯುತ್ತಾರೆ. ಅದರ ಹೆಸರು ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿ. ಎಷ್ಟು ಕೆಳಗೆ ಎಂಬುದನ್ನು ಮಾನದಂಡ ಅಂಕಿಯಲ್ಲಿ ಹೇಳುವುದಿಲ್ಲ. ಒಟ್ಟಾರೆ ಮೊತ್ತದ ಅರ್ಧದಿಂದ ಮುಕ್ಕಾಲು ಭಾಗದ ನಡುವೆ ಇಡುವುದು ವೃತ್ತಿಯಲ್ಲಿ ರೂಢಿ. ಹೋದ ವರ್ಷ ಹೆಚ್ಚು ತಪ್ಪು ಸಿಕ್ಕಿದ ಕಡೆ, ಲೆಕ್ಕ ಬರೆಯುವವರು ಪದೇ ಪದೇ ಬದಲಾಗುವ ಕಡೆ ಅರ್ಧಕ್ಕೆ ಹತ್ತಿರ. ವ್ಯವಸ್ಥೆ ಬಿಗಿಯಾಗಿದ್ದರೆ ಮುಕ್ಕಾಲಿಗೆ ಹತ್ತಿರ. ನಮ್ಮ ಕಾರ್ಖಾನೆಗೆ 10 ಲಕ್ಷ ಎಂದು ಇಟ್ಟುಕೊಳ್ಳೋಣ. ಕೊನೆಯದಾಗಿ, ಇಷ್ಟಕ್ಕಿಂತ ಕಡಿಮೆಯ ತಪ್ಪನ್ನು ಪಟ್ಟಿಗೆ ಸೇರಿಸುವ ಅಗತ್ಯವೂ ಇಲ್ಲ ಎನ್ನುವ ತೀರ ಸಣ್ಣ ಮೊತ್ತವೊಂದನ್ನು ಗುರುತಿಸುತ್ತಾರೆ. ಅದನ್ನು 75 ಸಾವಿರ ಎನ್ನೋಣ.

140 ಗಿರಾಕಿಗಳು, 8 ಕೋಟಿ ಬಾಕಿ

ಈಗ ಪುರಾವೆಯ ಕಡೆ ಬರೋಣ. ಮಾರ್ಚ್ 31ಕ್ಕೆ ಕಾರ್ಖಾನೆಗೆ 140 ಗಿರಾಕಿಗಳಿಂದ 8 ಕೋಟಿ ಬಾಕಿ ಬರಬೇಕಿದೆ ಎಂದು ಪುಸ್ತಕ ಹೇಳುತ್ತದೆ. ಇದು ನಿಜವೇ?

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯೊಳಗಿನ ಅಗುಳುಗಳೆಲ್ಲ ಒಂದೇ ನೀರಿನಲ್ಲಿ ಒಂದೇ ಹೊತ್ತು ಕುದಿದಿರುತ್ತವೆ. ಖಾತೆಗಳು ಹಾಗಲ್ಲ. ಒಬ್ಬ ಗಿರಾಕಿಯ ಬಾಕಿ 60 ಲಕ್ಷ, ಮತ್ತೊಬ್ಬನದು 40 ಸಾವಿರ. ಹಾಗಾಗಿ ಆಡಿಟರು 10 ಲಕ್ಷದ ಗೆರೆಯನ್ನು ಇಲ್ಲಿ ಬಳಸುತ್ತಾರೆ. ಅದನ್ನು ಮೀರಿದ ಖಾತೆಗಳು 20, ಅವುಗಳ ಒಟ್ಟು ಮೊತ್ತ 5.6 ಕೋಟಿ. ಈ 20ನ್ನೂ ಒಂದನ್ನೂ ಬಿಡದೆ ಪರೀಕ್ಷಿಸುತ್ತಾರೆ. ಉಳಿದ 120 ಖಾತೆಗಳಲ್ಲಿ ಇರುವುದು 2.4 ಕೋಟಿ. ಅದರಿಂದ 24 ಖಾತೆಗಳನ್ನು, ಅಂದರೆ 48 ಲಕ್ಷದಷ್ಟನ್ನು ಮಾದರಿಯಾಗಿ ಆರಿಸುತ್ತಾರೆ. ಗೆರೆ 10 ಲಕ್ಷದ ಬದಲು 5 ಲಕ್ಷಕ್ಕಿದ್ದಿದ್ದರೆ ಪೂರ್ತಿ ಪರೀಕ್ಷಿಸಬೇಕಾದ ಖಾತೆಗಳೂ ಮಾದರಿಯೂ ಹೆಚ್ಚುತ್ತಿದ್ದವು. ಮೆಟೀರಿಯಾಲಿಟಿ ಕೆಳಗಿಳಿದಷ್ಟೂ ಪುರಾವೆ ಹೆಚ್ಚು ಬೇಕು ಎನ್ನುವುದರ ಅರ್ಥ ಇಷ್ಟೇ.

ಪುರಾವೆಯ ವಿಷಯವನ್ನು ಹೇಳುವ ಎಸ್‌ಎ 500 ಎರಡು ಗುಣಗಳನ್ನು ಕೇಳುತ್ತದೆ. ಪುರಾವೆ ಸಾಕಷ್ಟಿರಬೇಕು, ತಕ್ಕುದಾಗಿಯೂ ಇರಬೇಕು. ಸಾಕಷ್ಟು ಎಂಬುದು ಪ್ರಮಾಣದ ಮಾತು, ಅದನ್ನು ಈಗ ನೋಡಿದೆವು. ತಕ್ಕುದು ಎಂಬುದು ಗುಣದ ಮಾತು, ಅದರೊಳಗೆ ಮತ್ತೆ ಎರಡು ಅಂಶಗಳಿವೆ: ಕೇಳಿದ ಪ್ರಶ್ನೆಗೆ ಅದು ಉತ್ತರವೇ? ಅದನ್ನು ನಂಬಬಹುದೇ?

ಕೇಳಿದ ಪ್ರಶ್ನೆಗೆ ಉತ್ತರವೇ ಎಂಬಲ್ಲಿ ಹೊಸಬರು ಹೆಚ್ಚಾಗಿ ಎಡವುತ್ತಾರೆ. ‘ಹೌದು, ನಾನು 22 ಲಕ್ಷ ಕೊಡಬೇಕು’ ಎಂದು ಗಿರಾಕಿ ಬರೆದುಕೊಟ್ಟರೆ ಬಾಕಿ ಇದೆ ಎಂಬುದು ಸಿದ್ಧವಾಯಿತು. ಆ ಹಣ ವಸೂಲಾಗುತ್ತದೆ ಎಂಬುದು ಸಿದ್ಧವಾಗಲಿಲ್ಲ. ವ್ಯಾಪಾರ ಮುಳುಗಿದ ಗಿರಾಕಿಯೂ ಬಾಕಿಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬಲ್ಲ. ವಸೂಲಿಯ ಪ್ರಶ್ನೆಗೆ ಬಾಕಿ ಎಷ್ಟು ಹಳೆಯದು, ಏಪ್ರಿಲ್ ಮೇ ತಿಂಗಳಲ್ಲಿ ಹಣ ಬಂದಿದೆಯೇ ಎಂಬ ಬೇರೆ ಪುರಾವೆಗಳನ್ನು ನೋಡಬೇಕು.

ಕಾರ್ಖಾನೆಯ ಗೋದಾಮಿನಲ್ಲೂ ಇದೇ ಆಗುತ್ತದೆ. ವರ್ಷಾಂತ್ಯದ ದಾಸ್ತಾನು ಎಣಿಕೆಯ ದಿನ ಆಡಿಟರು ಹೋಗಿ ನಿಲ್ಲುತ್ತಾರೆ. ಡಬ್ಬಗಳ ಸಂಖ್ಯೆ ರಿಜಿಸ್ಟರಿಗೆ ಸರಿಯಾಗಿ ಹೊಂದುತ್ತದೆ. ದಾಸ್ತಾನು ಇದೆ ಎಂಬುದು ಅಲ್ಲಿಗೆ ಸಿದ್ಧ. ಅದರ ಬೆಲೆ ಸರಿಯೇ? ಕೆಲವು ಡಬ್ಬ ತೆರೆಸಿ ನೋಡಿದಾಗ ‘ಇಡೀ ಬೀಜ’ ಎಂಬ ಚೀಟಿಯ ಒಳಗೆ ತುಂಡು ಬೀಜ ಸಿಗುತ್ತದೆ. ತುಂಡಿಗೆ ಇಡೀ ಬೀಜದ ಬೆಲೆ ಕಟ್ಟಿದ್ದರಿಂದ ದಾಸ್ತಾನಿನ ಮೌಲ್ಯ 11 ಲಕ್ಷ ಹೆಚ್ಚಾಗಿದೆ. ಎಣಿಕೆಯ ಪಟ್ಟಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಈ ತಪ್ಪನ್ನು ತೋರಿಸುತ್ತಿರಲಿಲ್ಲ. ಅದು ಬೇರೆ ಪ್ರಶ್ನೆಗೆ ಉತ್ತರವಾಗಿತ್ತು.

ಪತ್ರ ಹೋಗುವ ದಾರಿ, ಬರುವ ದಾರಿ

ಇನ್ನು ನಂಬಿಕೆಯ ಮಾತು. ಕಂಪನಿಯೊಳಗೆ ಹುಟ್ಟಿದ ಕಾಗದಕ್ಕಿಂತ ಹೊರಗಿನವರು ಕೊಟ್ಟದ್ದು ಮೇಲು. ಬೇರೆಯವರ ಮೂಲಕ ಬಂದದ್ದಕ್ಕಿಂತ ಆಡಿಟರು ನೇರವಾಗಿ ಪಡೆದದ್ದು ಮೇಲು. ಬಾಯಿಮಾತಿಗಿಂತ ಬರಹ ಮೇಲು, ನಕಲಿಗಿಂತ ಮೂಲಪ್ರತಿ ಮೇಲು. ಪರೀಕ್ಷೆಗೆ ಈ ಪಟ್ಟಿಯನ್ನು ಎಲ್ಲರೂ ಉರು ಹೊಡೆಯುತ್ತಾರೆ. ಅದು ಕೆಲಸದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಬಾಕಿ ದೃಢೀಕರಣದಲ್ಲಿ ನೋಡಬಹುದು.

ಎಸ್‌ಎ 505 ಹೇಳುವ ಕ್ರಮ ಸರಳವಾಗಿದೆ. ‘ನಮ್ಮ ಪುಸ್ತಕದಲ್ಲಿ ನಿಮ್ಮ ಬಾಕಿ ಇಷ್ಟಿದೆ, ಸರಿಯೇ ತಿಳಿಸಿ’ ಎಂಬ ಪತ್ರ ಕಂಪನಿಯ ಲೆಟರ್‌ಹೆಡ್‌ನಲ್ಲಿ, ಕಂಪನಿಯ ಸಹಿಯೊಂದಿಗೆ ಸಿದ್ಧವಾಗುತ್ತದೆ. ಯಾರಿಗೆ ಕಳಿಸಬೇಕು ಎಂದು ಆರಿಸುವವರು ಆಡಿಟರು. ವಿಳಾಸ ನಿಜವೇ ಎಂದು ತಾಳೆ ನೋಡುವವರು ಆಡಿಟರು. ಅಂಚೆಗೆ ಹಾಕುವವರು ಆಡಿಟರು. ಉತ್ತರ ಬರುವುದೂ ನೇರವಾಗಿ ಆಡಿಟರ ವಿಳಾಸಕ್ಕೆ. ನಡುವೆ ಒಂದು ಕಡೆ ಕಂಪನಿಯ ಕೈ ಸೇರಿದರೂ ಅದನ್ನು ಹೊರಗಿನ ಪುರಾವೆ ಎನ್ನಲಾಗದು. ಇಮೇಲ್‌ನಲ್ಲಿ ಉತ್ತರ ಬಂದರೆ ಅದು ಆ ಸಂಸ್ಥೆಯ ಅಧಿಕೃತ ವಿಳಾಸದಿಂದಲೇ ಬಂದಿದೆಯೇ ಎಂದು ನೋಡಬೇಕು, ಅನುಮಾನವಿದ್ದರೆ ಫೋನ್ ಸಂಖ್ಯೆಯನ್ನು ತಾವೇ ಹುಡುಕಿ ಮಾತಾಡಬೇಕು.

ಸತ್ಯಂನಲ್ಲಿ ತಪ್ಪಿದ್ದು ಇಲ್ಲೇ. ಕಂಪನಿಯ ಷೇರುಗಳು ನ್ಯೂಯಾರ್ಕ್ ಷೇರುಪೇಟೆಯಲ್ಲೂ ಇದ್ದುದರಿಂದ ಅಮೆರಿಕದ ನಿಯಂತ್ರಕರೂ ತನಿಖೆ ಮಾಡಿದರು. 2011ರ ಏಪ್ರಿಲ್‌ನಲ್ಲಿ ಎಸ್‌ಇಸಿ ಮತ್ತು ಪಿಸಿಎಒಬಿ ಎಂಬ ಎರಡು ಸಂಸ್ಥೆಗಳು ಆಡಿಟ್ ನಡೆಸಿದ ಪ್ರೈಸ್ ವಾಟರ್‌ಹೌಸ್ ಬಳಗದ ಭಾರತೀಯ ಸಂಸ್ಥೆಗಳ ಮೇಲೆ ಒಟ್ಟು 75 ಲಕ್ಷ ಡಾಲರ್ ದಂಡ ವಿಧಿಸಿದವು. ಆರೋಪಗಳನ್ನು ಒಪ್ಪದೆ, ನಿರಾಕರಿಸದೆ ಆ ಸಂಸ್ಥೆಗಳು ರಾಜಿಗೆ ಬಂದವು. ಬ್ಯಾಂಕ್ ದೃಢೀಕರಣ ಪತ್ರಗಳನ್ನು ಕಳಿಸುವುದನ್ನೂ ಉತ್ತರ ಪಡೆಯುವುದನ್ನೂ ಆಡಿಟರು ಸತ್ಯಂ ಆಡಳಿತದ ಕೈಗೇ ಬಿಟ್ಟಿದ್ದರು, ಬಂದ ಉತ್ತರಗಳ ಬಗ್ಗೆ ಬ್ಯಾಂಕುಗಳನ್ನು ವಿಚಾರಿಸಲಿಲ್ಲ ಎಂಬುದು ನಿಯಂತ್ರಕರ ಮುಖ್ಯ ಆಕ್ಷೇಪ.

ಗಮನಿಸಿ, ಇಲ್ಲಿ ಗೆರೆ ಎಳೆದದ್ದರಲ್ಲಿ ತಪ್ಪಿರಲಿಲ್ಲ. 5,361 ಕೋಟಿಯ ಬ್ಯಾಂಕ್ ಶಿಲ್ಕು ಯಾವ ಮೆಟೀರಿಯಾಲಿಟಿಯ ಗೆರೆಯನ್ನಾದರೂ ಮೀರುವ ಮೊತ್ತ. ಅದನ್ನು ಪರೀಕ್ಷಿಸಬೇಕು ಎಂಬುದರಲ್ಲಿ ಯಾರಿಗೂ ಸಂಶಯವಿರಲಾರದು. ಕಡತದಲ್ಲಿ ಕಾಗದಗಳೂ ಇದ್ದವು. ಆ ಕಾಗದಗಳು, ಯಾರನ್ನು ಪರೀಕ್ಷಿಸಬೇಕಿತ್ತೋ ಅವರ ಕೈಯಿಂದಲೇ ಬಂದಿದ್ದವು. ಬಲವಿಲ್ಲದ ಪುರಾವೆಯನ್ನು ಎಷ್ಟು ರಾಶಿ ಹಾಕಿದರೂ ಅದಕ್ಕೆ ಬಲ ಬರುವುದಿಲ್ಲ. ಎಸ್‌ಎ 500 ಕೂಡ ಇದನ್ನೇ ಹೇಳುತ್ತದೆ: ಹೆಚ್ಚು ಪುರಾವೆ ಸಂಗ್ರಹಿಸಿದರೆ ಅದರ ಕಳಪೆ ಗುಣಕ್ಕೆ ಪರಿಹಾರ ಸಿಗದೆ ಹೋಗಬಹುದು.

ಉತ್ತರಗಳು ಬಂದ ಮೇಲೆ

ನಮ್ಮ ಕಾರ್ಖಾನೆಗೆ ಮರಳೋಣ. ದೊಡ್ಡ 20 ಗಿರಾಕಿಗಳಲ್ಲಿ 17 ಜನ ಪುಸ್ತಕದ ಮೊತ್ತವನ್ನೇ ಒಪ್ಪಿದರು. ಒಬ್ಬರು 15 ಲಕ್ಷದ ಬದಲು 13.5 ಲಕ್ಷ ಎಂದರು. ಅವರು ಮಾರ್ಚ್ 30ರಂದು ಅಂಚೆಗೆ ಹಾಕಿದ ಒಂದೂವರೆ ಲಕ್ಷದ ಚೆಕ್ ಕಾರ್ಖಾನೆಗೆ ತಲುಪಿದ್ದು ಏಪ್ರಿಲ್ 3ಕ್ಕೆ. ಆಡಿಟರು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಆ ಚೆಕ್ ಜಮೆಯಾದದ್ದನ್ನು ನೋಡಿದರು. ಇದು ತಪ್ಪಲ್ಲ, ದಿನಗಳ ಅಂತರ ಅಷ್ಟೇ.

ಇನ್ನೊಬ್ಬರು 22 ಲಕ್ಷದ ಬದಲು 18 ಲಕ್ಷ ಎಂದರು. ಸರಕಿನ ಗುಣಮಟ್ಟ ಸರಿಯಿಲ್ಲದ್ದಕ್ಕೆ ಮಾರ್ಚ್‌ನಲ್ಲೇ 4 ಲಕ್ಷ ಬಿಟ್ಟುಕೊಡಲು ಕಾರ್ಖಾನೆ ಒಪ್ಪಿತ್ತು, ಕ್ರೆಡಿಟ್ ನೋಟ್ ಬರೆದದ್ದು ಏಪ್ರಿಲ್‌ನಲ್ಲಿ. ಇದು ನಿಜವಾದ ತಪ್ಪು. ಬಾಕಿಯೂ ಲಾಭವೂ 4 ಲಕ್ಷ ಹೆಚ್ಚಾಗಿ ಕಾಣುತ್ತಿವೆ.

ಕೊನೆಯ ಒಬ್ಬರು ಉತ್ತರಿಸಲೇ ಇಲ್ಲ. ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯುವಂತಿಲ್ಲ, ಬೇರೆ ದಾರಿ ಹುಡುಕಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಆ ಗಿರಾಕಿಯಿಂದ ಹಣ ಬಂದಿದೆಯೇ? ಅದನ್ನು ಕಂಪನಿಯ ಲೆಡ್ಜರಿನಲ್ಲಷ್ಟೇ ನೋಡದೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೂ ನೋಡಬೇಕು. ಆ ಹಣ ಮಾರ್ಚ್ ಒಳಗಿನ ಬಿಲ್ಲುಗಳಿಗೇ ಬಂದದ್ದೇ? ಸರಕು ಹೋದದ್ದಕ್ಕೆ ಲಾರಿ ರಸೀದಿ, ಇ-ವೇ ಬಿಲ್ ಇವೆಯೇ? ಇವೆಲ್ಲ ಹೊಂದಿದರೆ ಆ ಖಾತೆಯನ್ನು ಒಪ್ಪಬಹುದು.

ಮಾದರಿಯಾಗಿ ಆರಿಸಿದ 24 ಸಣ್ಣ ಖಾತೆಗಳಲ್ಲಿ ದರ ತಪ್ಪಾಗಿ ಹಾಕಿದ ಬಿಲ್ಲುಗಳಿಂದ ಒಟ್ಟು 30 ಸಾವಿರ ಹೆಚ್ಚು ಬರೆದದ್ದು ಸಿಕ್ಕಿತು. 75 ಸಾವಿರಕ್ಕಿಂತ ಕಡಿಮೆ, ಬಿಟ್ಟುಬಿಡಬಹುದಲ್ಲವೇ? ಇಲ್ಲ. ನೋಡಿದ್ದು 2.4 ಕೋಟಿಯ ಐದನೆಯ ಒಂದು ಭಾಗ ಮಾತ್ರ. ಅಲ್ಲಿ 30 ಸಾವಿರ ಸಿಕ್ಕಿದರೆ ಇಡೀ ಗುಂಪಿನಲ್ಲಿ ಸುಮಾರು ಒಂದೂವರೆ ಲಕ್ಷ ಇದೆ ಎಂದು ಅಂದಾಜು ಮಾಡಬೇಕು. ಮಾದರಿಯಲ್ಲಿ ಸಿಕ್ಕ ತಪ್ಪನ್ನು ಇಡೀ ಗುಂಪಿಗೆ ಹಿಗ್ಗಿಸಿ ನೋಡಬೇಕೆಂದು ಎಸ್‌ಎ 530 ಹೇಳುವುದು ಇದಕ್ಕಾಗಿ.

ಈಗ ಕೂಡೋಣ. ಕ್ರೆಡಿಟ್ ನೋಟ್ 4 ಲಕ್ಷ, ಬಿಲ್ಲಿನ ದರ ಒಂದೂವರೆ ಲಕ್ಷ, ದಾಸ್ತಾನು 11 ಲಕ್ಷ: ಒಟ್ಟು 16.5 ಲಕ್ಷ. ಯಾವ ಒಂದೂ 15 ಲಕ್ಷ ಮುಟ್ಟಲಿಲ್ಲ, ಎಲ್ಲ ಸೇರಿ ಗೆರೆ ದಾಟಿದವು. ಪರೀಕ್ಷೆಯನ್ನು 10 ಲಕ್ಷದ ಲೆಕ್ಕದಲ್ಲಿ ಮಾಡಿದ್ದರಿಂದಲೇ 11 ಲಕ್ಷದ ತಪ್ಪು ಕೈಗೆ ಸಿಕ್ಕಿತು.

ಸಿಕ್ಕ ತಪ್ಪುಗಳನ್ನೆಲ್ಲ ಸರಿಪಡಿಸುವಂತೆ ಆಡಿಟರು ಆಡಳಿತವನ್ನು ಕೇಳಬೇಕು, ಗೆರೆಯ ಒಳಗಿರುವುದನ್ನೂ. ಕಾರ್ಖಾನೆ ದಾಸ್ತಾನು ಮತ್ತು ಕ್ರೆಡಿಟ್ ನೋಟನ್ನು ಸರಿಪಡಿಸಿತು ಎನ್ನಿ. ಉಳಿದದ್ದು ಒಂದೂವರೆ ಲಕ್ಷದ ಅಂದಾಜು, ವರದಿಗೆ ತೊಂದರೆಯಿಲ್ಲ. ಒಂದನ್ನೂ ಸರಿಪಡಿಸುವುದಿಲ್ಲ ಎಂದು ಪಟ್ಟು ಹಿಡಿದಿದ್ದರೆ ಆಡಿಟರು ಆ ವಿಷಯವನ್ನು ಎತ್ತಿ ಹೇಳಿ, ಷರತ್ತಿನ ಅಭಿಪ್ರಾಯ ಕೊಡಬೇಕಾಗುತ್ತಿತ್ತು.

ಮೊತ್ತ ಸಣ್ಣದು, ವಿಷಯ ದೊಡ್ಡದು

ಅಂಕಿಯ ಗೆರೆಗೆ ಒಂದು ಮಿತಿಯಿದೆ. ಈ ಕಾರ್ಖಾನೆಗೆ ಸಾಲ ಕೊಟ್ಟ ಬ್ಯಾಂಕು, ಚಾಲ್ತಿ ಆಸ್ತಿ ಚಾಲ್ತಿ ಸಾಲದ 1.33 ಪಟ್ಟಿಗಿಂತ ಕೆಳಗಿಳಿಯಬಾರದು ಎಂಬ ಷರತ್ತು ಹಾಕಿದೆ ಎನ್ನಿ. ಪುಸ್ತಕದಲ್ಲಿ ಅದು ಸರಿಯಾಗಿ 1.33 ಇದೆ. ಆಗ 4 ಲಕ್ಷದ ಆ ಕ್ರೆಡಿಟ್ ನೋಟ್ ಒಂದೇ ಷರತ್ತನ್ನು ಮುರಿಯಬಹುದು. ಲಾಭದ ದೃಷ್ಟಿಯಲ್ಲಿ ಸಣ್ಣದಾದ ಮೊತ್ತ ಬ್ಯಾಂಕಿನ ದೃಷ್ಟಿಯಲ್ಲಿ ನಿರ್ಣಾಯಕ. ನಷ್ಟವನ್ನು ಲಾಭವಾಗಿ ತೋರಿಸುವ ತಪ್ಪು, ನಿರ್ದೇಶಕರ ಸಂಬಂಧಿಕರೊಡನೆ ನಡೆದ ವ್ಯವಹಾರ, ಬೇಕೆಂದೇ ಮಾಡಿದ ವಂಚನೆ ಇವೂ ಹಾಗೆಯೇ. 2 ಲಕ್ಷದ ಸುಳ್ಳು ಬಿಲ್ ಸಿಕ್ಕಿ, ಅದಕ್ಕೆ ಹಿರಿಯ ಅಧಿಕಾರಿಯ ಸಹಿ ಇದ್ದರೆ ಅದು 2 ಲಕ್ಷದ ಮಾತಾಗಿ ಉಳಿಯುವುದಿಲ್ಲ. ಆ ಅಧಿಕಾರಿ ಕೊಟ್ಟ ಉಳಿದೆಲ್ಲ ಕಾಗದಗಳನ್ನೂ ವಿವರಣೆಗಳನ್ನೂ ಮತ್ತೆ ತೂಗಿ ನೋಡಬೇಕಾಗುತ್ತದೆ. ಅಲ್ಲಿಗೆ ಮೆಟೀರಿಯಾಲಿಟಿಯ ಪ್ರಶ್ನೆಯೂ ಪುರಾವೆಯ ಪ್ರಶ್ನೆಯೂ ಒಂದೇ ಆಗಿಬಿಡುತ್ತವೆ.

ಇಷ್ಟು ಮಾಡಿಯೂ ಆಡಿಟರು ಕೊಡುವುದು ಸಮಂಜಸವಾದ ಭರವಸೆಯನ್ನು, ಪೂರ್ತಿ ಖಾತರಿಯನ್ನಲ್ಲ. ನೋಡದೆ ಬಿಟ್ಟ 96 ಸಣ್ಣ ಖಾತೆಗಳು ನೋಡದೆಯೇ ಉಳಿದಿವೆ. ಅಂದಾಜು ತಪ್ಪಬಹುದು. ಗಿರಾಕಿಯೂ ಕಂಪನಿಯೂ ಒಟ್ಟಾಗಿ ಸುಳ್ಳು ಹೇಳಿದರೆ ನೇರವಾಗಿ ಬಂದ ಪತ್ರವೂ ಮೋಸ ಮಾಡಬಲ್ಲದು.

ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಮಾತು. ನಾಳೆ ಆರ್ಟಿಕಲ್‌ಶಿಪ್‌ಗೆ ಸೇರಿ, ಕಂಪನಿಯ ಕಚೇರಿಯಲ್ಲಿ ಕುಳಿತಾಗ ಅಕೌಂಟೆಂಟರು ನಗುನಗುತ್ತ ಬ್ಯಾಂಕಿನ ಪತ್ರವೊಂದನ್ನು ನಿಮ್ಮ ಕೈಗಿಡುತ್ತಾರೆ. ಅದರ ಮೊತ್ತವನ್ನು ಪುಸ್ತಕಕ್ಕೆ ತಾಳೆ ಹಾಕಿ ಟಿಕ್ ಹಾಕುವ ಮೊದಲು, ಈ ಪತ್ರ ಯಾರ ಕೈಯಿಂದ ಹೊರಟು ಯಾರ ಯಾರ ಕೈದಾಟಿ ನನ್ನ ಬಳಿ ಬಂತು ಎಂದು ಕೇಳಿ. ಉತ್ತರವನ್ನು ಕೆಲಸದ ಕಡತದಲ್ಲಿ ಬರೆದಿಡಿ. ದಾರಿ ಸ್ಪಷ್ಟವಾಗದಿದ್ದರೆ ನೀವೇ ಬ್ಯಾಂಕಿಗೆ ಬರೆಯಿರಿ.